ಬಣ್ಣ ಬದಲಾದದ್ದು ಎಲ್ಲಿ?
ಫಾಯಾನ್ಸ್ ಸೂಚಕಗಳ ಕಥೆ

ರಸಾಯನಶಾಸ್ತ್ರ ಓದುವ ನಿಮಗೆ ಕಾಸಿಮಿರ್ ಫಾಯಾನ್ಸ್ ಎಂಬ ಹೆಸರು ಹೊಸದೇನಲ್ಲ. ನಮ್ಮ ತರಗತಿಗಳಲ್ಲಿ ಇದನ್ನು 'ಫಜಾನ್ಸ್' ಎಂದೇ ಓದುವುದು ರೂಢಿ. ಅಯಾನಿಕ ಬಂಧದಲ್ಲಿ ಸಹವೇಲೆನ್ಸಿಯ ಗುಣ ಹೇಗೆ ಬೆರೆಯುತ್ತದೆ ಎಂದು ತಿಳಿಸುವ 'ಫಜಾನ್ಸ್ ನಿಯಮ'ಗಳನ್ನು ನೀವು ಬಾಯಿಪಾಠ ಮಾಡಿರಬಹುದು. ವಿಕಿರಣಪಟು ಧಾತುಗಳ ಸ್ಥಾನಪಲ್ಲಟ ನಿಯಮದಲ್ಲಿ ಸಾಡಿಯ ಹೆಸರಿನ ಜೊತೆಗೆ ಇದೇ ಹೆಸರನ್ನು ಕಂಡಿರಬಹುದು. ಕಾಲೇಜಿನ ಪ್ರಯೋಗಶಾಲೆಯಲ್ಲಿ ಕ್ಲೋರೈಡನ್ನು ಅಳೆಯುವಾಗ ಹಾಕುವ ಹತ್ತು ಹನಿ ಫ್ಲೂರೆಸೀನ್‌ನ ಹಿಂದೆಯೂ ಇರುವವರು ಇವರೇ. ಈ ಮೂರು ಕೆಲಸಗಳು ಬಿಡಿಬಿಡಿಯಾದವಲ್ಲ. ಒಂದರಿಂದ ಇನ್ನೊಂದು ಹುಟ್ಟಿತು. ಅದು ಹೇಗೆಂಬುದನ್ನು ತಿಳಿಯಲು ಒಂದು ಸರಳ ಪ್ರಶ್ನೆಯನ್ನು ಹಿಡಿದು ಹೊರಡೋಣ: ಫ್ಲಾಸ್ಕಿನೊಳಗೆ ಹಸಿರು ಹೋಗಿ ಗುಲಾಬಿ ಬಂದಿತಲ್ಲ, ಆ ಬಣ್ಣ ಬದಲಾದದ್ದು ಎಲ್ಲಿ? ನೀರಿನಲ್ಲೋ, ಅದರೊಳಗೆ ತೇಲುತ್ತಿರುವ ಬಿಳಿಯ ಪುಡಿಯ ಮೈಮೇಲೋ?

ಬೆಳ್ಳಿ ಅಳೆಯುವವರ ತೊಂದರೆ

ಬೆಳ್ಳಿಯ ದ್ರಾವಣಕ್ಕೆ ಉಪ್ಪಿನ ನೀರು ಸೇರಿಸಿದರೆ ಸಿಲ್ವರ್ ಕ್ಲೋರೈಡ್ ಬಿಳಿಯ ಪ್ರಕ್ಷೇಪವಾಗಿ ಒತ್ತರಿಸುತ್ತದೆ. ಎಷ್ಟು ಉಪ್ಪು ಖರ್ಚಾಯಿತು ಎಂದು ತಿಳಿದರೆ ಬೆಳ್ಳಿ ಎಷ್ಟಿತ್ತು ಎಂದು ಲೆಕ್ಕ ಹಾಕಬಹುದು. ಫ್ರಾನ್ಸಿನ ಗೇ-ಲ್ಯೂಸಾಕ್ ನಾಣ್ಯದ ಬೆಳ್ಳಿಯನ್ನು ಪರೀಕ್ಷಿಸಲು ಈ ವಿಧಾನವನ್ನು ರೂಪಿಸಿ 1832ರಲ್ಲಿ ಪ್ರಕಟಿಸಿದರು. ಆದರೆ ಅವರ ಬಳಿ ಸೂಚಕವೆಂಬುದೇ ಇರಲಿಲ್ಲ. ಸ್ವಲ್ಪ ಉಪ್ಪಿನ ದ್ರಾವಣ ಹಾಕಬೇಕು, ಬಾಟಲಿಯನ್ನು ಬಲವಾಗಿ ಕುಲುಕಬೇಕು, ಪ್ರಕ್ಷೇಪ ತಳ ಸೇರಿ ಮೇಲಿನ ನೀರು ತಿಳಿಯಾಗುವವರೆಗೆ ಕಾಯಬೇಕು, ಇನ್ನೊಂದು ಹನಿ ಹಾಕಿ ಮಬ್ಬು ಮೂಡುತ್ತದೆಯೇ ಎಂದು ನೋಡಬೇಕು. ಮಬ್ಬು ಮೂಡದಿದ್ದರೆ ಕೆಲಸ ಮುಗಿಯಿತು. ಫಲಿತಾಂಶ ಬಹಳ ನಿಖರ, ಆದರೆ ತಾಳ್ಮೆ ಬೇಡುವ ಕೆಲಸ.

1856ರಲ್ಲಿ ಜರ್ಮನಿಯ ಮೋರ್ ಈ ಕಾಯುವಿಕೆಯನ್ನು ತಪ್ಪಿಸಿದರು. ಕ್ಲೋರೈಡ್ ದ್ರಾವಣಕ್ಕೆ ಸ್ವಲ್ಪ ಪೊಟ್ಯಾಸಿಯಂ ಕ್ರೋಮೇಟ್ ಹಾಕಿದರೆ, ಕ್ಲೋರೈಡ್ ಮುಗಿದ ಮೇಲೆ ಬಂದ ಬೆಳ್ಳಿ ಕ್ರೋಮೇಟಿನೊಡನೆ ಸೇರಿ ಕೆಂಪು ಪ್ರಕ್ಷೇಪ ಕೊಡುತ್ತದೆ. 1874ರಲ್ಲಿ ಫೋಲ್‌ಹಾರ್ಟ್ ಇನ್ನೊಂದು ದಾರಿ ತೋರಿಸಿದರು. ಹೆಚ್ಚಾಗಿ ಹಾಕಿದ ಬೆಳ್ಳಿಯನ್ನು ಥಯೋಸಯನೇಟಿನಿಂದ ಅಳೆಯುವುದು, ಕಬ್ಬಿಣದ ಅಯಾನು ದ್ರಾವಣವನ್ನು ಕೆಂಪಾಗಿಸಿದಾಗ ನಿಲ್ಲಿಸುವುದು. ಇವೆರಡರಲ್ಲೂ ಒಂದು ಸಾಮ್ಯವಿದೆ, ಗಮನಿಸಿ. ಮೊದಲನೆಯ ಕ್ರಿಯೆ ಮುಗಿದ ಮೇಲೆ ಎರಡನೆಯ ರಾಸಾಯನಿಕ ಕ್ರಿಯೆಯೊಂದು ನಡೆದು ಹೊಸ ಪದಾರ್ಥ ಉಂಟಾಗಬೇಕು. ಮೊದಲು ಉಂಟಾದ ಬಿಳಿಯ ಪ್ರಕ್ಷೇಪಕ್ಕೆ ಸೂಚನೆ ಕೊಡುವ ಕೆಲಸದಲ್ಲಿ ಯಾವ ಪಾತ್ರವೂ ಇಲ್ಲ. ಆ ಪ್ರಕ್ಷೇಪವೇ ಮಾತಾಡುವಂತೆ ಮಾಡಿದವರು ಫಾಯಾನ್ಸ್.

ವಿಕಿರಣದಿಂದ ಹರಳಿನ ಮೈಗೆ

ಫಾಯಾನ್ಸ್ ಹುಟ್ಟಿದ್ದು 1887ರಲ್ಲಿ, ಪೋಲೆಂಡಿನ ವಾರ್ಸಾದಲ್ಲಿ. ಜರ್ಮನಿಯಲ್ಲಿ ಓದಿ, ಮ್ಯಾಂಚೆಸ್ಟರಿನಲ್ಲಿ ರುದರ್‌ಫರ್ಡ್ ಅವರ ಬಳಿ ಕೆಲಸ ಕಲಿತು, 1911ರಲ್ಲಿ ಕಾರ್ಲ್ಸ್‌ರೂಹೆಗೆ ಬಂದರು. ವಿಕಿರಣಪಟು ಧಾತುಗಳೊಡನೆ ಕೆಲಸ ಮಾಡುವವರಿಗೆ ವಿಚಿತ್ರವಾದ ಕಷ್ಟವೊಂದಿತ್ತು. ಅವು ಸಿಗುತ್ತಿದ್ದುದು ತಕ್ಕಡಿಗೆ ತೂಗದಷ್ಟು, ಕಣ್ಣಿಗೆ ಕಾಣದಷ್ಟು ಅಲ್ಪ ಪ್ರಮಾಣದಲ್ಲಿ. ಅವುಗಳನ್ನು ಬೇರ್ಪಡಿಸಬೇಕಾದರೆ ಬೇರೊಂದು ಪದಾರ್ಥದ ಪ್ರಕ್ಷೇಪವನ್ನು ಉಂಟುಮಾಡಿ, ಅದಕ್ಕೆ ಅಂಟಿಕೊಂಡು ಇವೂ ಕೆಳಗಿಳಿಯುವಂತೆ ಮಾಡಬೇಕಿತ್ತು. ಯಾವ ಪ್ರಕ್ಷೇಪಕ್ಕೆ ಯಾವ ಅಯಾನು ಅಂಟುತ್ತದೆ? 1913ರಲ್ಲಿ ಫಾಯಾನ್ಸ್ ಇದಕ್ಕೊಂದು ನಿಯಮ ಕಂಡರು. ಹರಳಿನಲ್ಲಿರುವ ವಿರುದ್ಧ ವಿದ್ಯುದಂಶದ ಅಯಾನಿನೊಡನೆ ಕರಗದ ಸಂಯುಕ್ತವನ್ನು ಕೊಡುವ ಅಯಾನು ಆ ಹರಳಿನ ಮೈಗೆ ಚೆನ್ನಾಗಿ ಅಂಟುತ್ತದೆ. ಮುಂದೆ ಪಾನೆತ್ ಮತ್ತು ಹಾನ್ ಇದನ್ನು ಬೆಳೆಸಿದ್ದರಿಂದ ಇಂದು ಇದಕ್ಕೆ ಫಾಯಾನ್ಸ್-ಪಾನೆತ್-ಹಾನ್ ನಿಯಮವೆಂದು ಹೆಸರು.

ಹೀಗೆ ಮೈಮೇಲಷ್ಟೇ ಅಂಟುವುದಕ್ಕೆ ಅಧಿಶೋಷಣೆ ಎನ್ನುತ್ತೇವೆ. ಸ್ಪಂಜು ನೀರನ್ನು ಒಳಗೆ ಹೀರಿಕೊಳ್ಳುವಂತಲ್ಲ, ಗೋಡೆಗೆ ಧೂಳು ಹತ್ತಿದಂತೆ ಇದು.

1917ರಲ್ಲಿ ಫಾಯಾನ್ಸ್ ಮ್ಯೂನಿಕ್ ವಿಶ್ವವಿದ್ಯಾಲಯಕ್ಕೆ ಬಂದರು. ಅಲ್ಲಿ ಸಿಲ್ವರ್ ಹ್ಯಾಲೈಡುಗಳ ಹರಳುಗಳ ಮೇಲೆ ಅಯಾನುಗಳು ಹೇಗೆ ಅಂಟುತ್ತವೆ ಎಂಬ ಅಧ್ಯಯನ ನಡೆಯಿತು. ಸೀಸದ ವಿಕಿರಣಪಟು ರೂಪವನ್ನು ಗುರುತಿಗೆ ಬಳಸಿದಾಗ ಸ್ಪಷ್ಟವಾದ ಸಂಗತಿಯೊಂದು ಹೊರಬಂತು. ದ್ರಾವಣದಲ್ಲಿ ಹ್ಯಾಲೈಡ್ ಅಯಾನು ಹೆಚ್ಚಾಗಿದ್ದರೆ ಧನ ವಿದ್ಯುದಂಶದ ಸೀಸದ ಅಯಾನು ಪ್ರಕ್ಷೇಪಕ್ಕೆ ಚೆನ್ನಾಗಿ ಅಂಟುತ್ತದೆ. ಬೆಳ್ಳಿಯ ಅಯಾನು ಹೆಚ್ಚಾಗಿದ್ದರೆ ಅಂಟುವುದು ತೀರ ಕಡಿಮೆ. ಎಂದರೆ, ಒಂದೇ ಹರಳಿನ ಮೈ ಒಮ್ಮೆ ಋಣ, ಇನ್ನೊಮ್ಮೆ ಧನ. ಅದು ಯಾವಾಗ ಬದಲಾಗುತ್ತದೆ? ದ್ರಾವಣದಲ್ಲಿ ಯಾವ ಅಯಾನು ಮಿಕ್ಕಿದೆ ಎಂಬುದು ಬದಲಾದಾಗ. ಅನುಮಾಪನದ ಸಮಾನತಾ ಬಿಂದುವೂ ಅದೇ ಅಲ್ಲವೇ! ಹಾಗಾದರೆ ಅಂಟುವ ಅಯಾನು ಬಣ್ಣದ್ದಾಗಿದ್ದರೆ, ಆ ಬಿಂದುವನ್ನು ಕಣ್ಣಿನಿಂದಲೇ ನೋಡಬಹುದು.

ಆ ಕೆಲಸ ಮಾಡಲು ನಾರ್ವೆಯಿಂದ ಬಂದಿದ್ದ ತರುಣ ಆಡ್ ಹ್ಯಾಸೆಲ್ ಜೊತೆಯಾದರು. 1923ರಲ್ಲಿ ಫಾಯಾನ್ಸ್ ಮತ್ತು ಹ್ಯಾಸೆಲ್ ಸಾವಯವ ವರ್ಣದ್ರವ್ಯಗಳನ್ನು ಸೂಚಕವಾಗಿಟ್ಟುಕೊಂಡು ಬೆಳ್ಳಿ ಮತ್ತು ಹ್ಯಾಲೋಜನ್ ಅಯಾನುಗಳನ್ನು ಅಳೆಯುವ ಹೊಸ ವಿಧಾನವನ್ನು ಪ್ರಕಟಿಸಿದರು. ಇದೇ ಹ್ಯಾಸೆಲ್ ಮುಂದೆ ಅಣುಗಳ ಆಕಾರದ ಅಧ್ಯಯನಕ್ಕಾಗಿ 1969ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. ಅವರು ಬಳಸಿದ ಫ್ಲೂರೆಸೀನ್ ಹೊಸ ಪದಾರ್ಥವಾಗಿರಲಿಲ್ಲ. 1871ರಲ್ಲಿ ಅದನ್ನು ಮೊದಲು ತಯಾರಿಸಿದವರು ಅಡಾಲ್ಫ್ ಫಾನ್ ಬೇಯರ್. ಅವರು ಅನಂತರ ಇದೇ ಮ್ಯೂನಿಕ್‌ನಲ್ಲಿ ನಲವತ್ತು ವರ್ಷ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು.

ಒಂದು ಹನಿಯ ಹಿಂದೆ, ಒಂದು ಹನಿಯ ಮುಂದೆ

ಈಗ ಒಂದು ಅನುಮಾಪನವನ್ನು ಹೆಜ್ಜೆ ಹೆಜ್ಜೆಯಾಗಿ ನೋಡೋಣ. ಫ್ಲಾಸ್ಕಿನಲ್ಲಿ 0.1 ಮೋಲಾರ್ ಸೋಡಿಯಂ ಕ್ಲೋರೈಡ್ 25 ಮಿಲಿಲೀಟರ್ ಇದೆ ಎನ್ನಿ. ಅದರಲ್ಲಿರುವ ಉಪ್ಪು 146 ಮಿಲಿಗ್ರಾಂ, ಒಂದು ಸಣ್ಣ ಚಿಟಿಕೆ. 0.1 ಶೇಕಡಾ ಫ್ಲೂರೆಸೀನ್ ಸೂಚಕವನ್ನು ಹತ್ತು ಹನಿ ಹಾಕಿದ್ದೀರಿ. ದ್ರಾವಣ ಹಳದಿ ಮಿಶ್ರಿತ ಹಸಿರಾಗಿ ಹೊಳೆಯುತ್ತಿದೆ. ಈ ಹೊಳಪಿಗೆ ಪ್ರತಿದೀಪ್ತಿ ಎಂದು ಹೆಸರು. ಫ್ಲೂರೆಸೀನ್ ದುರ್ಬಲ ಆಮ್ಲವಾದ್ದರಿಂದ ಹೈಡ್ರೊಜನ್ ಅಯಾನನ್ನು ಬಿಟ್ಟುಕೊಟ್ಟು ಋಣ ಅಯಾನಾಗಿ ನೀರಿನಲ್ಲಿದೆ. ಬ್ಯುರೆಟ್ಟಿನಲ್ಲಿ 0.1 ಮೋಲಾರ್ ಸಿಲ್ವರ್ ನೈಟ್ರೇಟ್ ಇದೆ.

ಹನಿ ಬೀಳತೊಡಗಿದಂತೆ ಸಿಲ್ವರ್ ಕ್ಲೋರೈಡಿನ ಅತಿಸಣ್ಣ ಕಣಗಳು ಹುಟ್ಟಿ ದ್ರಾವಣ ಹಾಲಿನಂತಾಗುತ್ತದೆ. ಪ್ರತಿಯೊಂದು ಕಣದ ಒಳಗೆ ಬೆಳ್ಳಿಯ ಅಯಾನು, ಕ್ಲೋರೈಡ್ ಅಯಾನು ಒಂದರ ಪಕ್ಕ ಒಂದು ಸಾಲಾಗಿ ನಿಂತಿವೆ. ಆದರೆ ಅಂಚಿನಲ್ಲಿರುವ ಅಯಾನುಗಳಿಗೆ ಹೊರಗಡೆಯ ಜೊತೆಗಾರರಿಲ್ಲ. ಆ ಖಾಲಿ ಜಾಗಕ್ಕೆ ಸರಿಯಾಗಿ ಕೂರುವುದು ಹರಳಿನದೇ ಅಯಾನು. ಸದ್ಯಕ್ಕೆ ನೀರಿನಲ್ಲಿ ಮಿಕ್ಕಿರುವುದು ಕ್ಲೋರೈಡ್. ಹೀಗಾಗಿ ಕ್ಲೋರೈಡ್ ಅಯಾನುಗಳು ಕಣದ ಮೈಗೆ ಅಂಟಿ ಮೊದಲನೆಯ ಪದರವಾಗುತ್ತವೆ, ಕಣ ಋಣ ವಿದ್ಯುದಂಶ ಪಡೆಯುತ್ತದೆ. ಅದರ ಹೊರಗೆ ಸಡಿಲವಾದ ಎರಡನೆಯ ಪದರವಾಗಿ ಸೋಡಿಯಂ ಅಯಾನುಗಳು ಸುತ್ತುವರಿಯುತ್ತವೆ. ಫ್ಲೂರೆಸೀನ್ ಅಯಾನು ತಾನೂ ಋಣ. ಋಣಕ್ಕೂ ಋಣಕ್ಕೂ ಹೊಂದುವುದಿಲ್ಲ. ಅದು ಕಣದಿಂದ ದೂರವೇ ಉಳಿದು ನೀರಿನಲ್ಲಿ ಹಸಿರಾಗಿ ಹೊಳೆಯುತ್ತಿರುತ್ತದೆ.

ಬ್ಯುರೆಟ್ 24.95 ತೋರಿಸಿದಾಗ ಇನ್ನು ಒಂದು ಹನಿಯಷ್ಟು ಕ್ಲೋರೈಡ್ ಮಾತ್ರ ಮಿಕ್ಕಿದೆ. ದ್ರಾವಣದಲ್ಲಿ ಬಿಡಿಯಾಗಿರುವ ಬೆಳ್ಳಿ ಲೀಟರಿಗೆ ಸುಮಾರು 0.0000018 ಮೋಲ್. ಆ ಹನಿ ಬಿದ್ದು 25.00 ಆದಾಗ ಎರಡೂ ಸಮ. ಇನ್ನೊಂದು ಹನಿ ಬಿದ್ದು 25.05 ಆದಾಗ ಬೆಳ್ಳಿ ಲೀಟರಿಗೆ ಸುಮಾರು 0.0001 ಮೋಲ್. ಈ ಎರಡೇ ಹನಿಗಳ ಅವಧಿಯಲ್ಲಿ ಬಿಡಿ ಬೆಳ್ಳಿ ಐವತ್ತು ಪಟ್ಟಿಗಿಂತ ಹೆಚ್ಚಾಯಿತು! ಈಗ ಮಿಕ್ಕಿರುವುದು ಬೆಳ್ಳಿ. ಕಣದ ಮೈಯ ಮೊದಲ ಪದರದಲ್ಲಿ ಕ್ಲೋರೈಡಿನ ಜಾಗಕ್ಕೆ ಬೆಳ್ಳಿಯ ಅಯಾನು ಬಂದು ಕಣ ಧನವಾಗುತ್ತದೆ. ಅದನ್ನು ಸುತ್ತುವರಿಯಲು ಈಗ ಋಣ ಅಯಾನು ಬೇಕು. ನೈಟ್ರೇಟ್ ಅಯಾನು ಸಂಖ್ಯೆಯಲ್ಲಿ ಬಹಳ ಹೆಚ್ಚಿದ್ದರೂ ಅದಕ್ಕೆ ಬೆಳ್ಳಿಯ ಮೇಲೆ ಒಲವಿಲ್ಲ, ಏಕೆಂದರೆ ಸಿಲ್ವರ್ ನೈಟ್ರೇಟ್ ಸುಲಭವಾಗಿ ಕರಗುವ ಲವಣ. ಫ್ಲೂರೆಸೀನ್ ಅಯಾನಿಗೆ ಒಲವಿದೆ. ಅದು ನೀರನ್ನು ಬಿಟ್ಟು ಕಣದ ಮೈಗೆ ಓಡುತ್ತದೆ. ಹಸಿರು ಹೊಳಪು ಆರಿ, ಹಾಲಿನಂತಿದ್ದ ಪುಡಿ ಒಮ್ಮೆಗೇ ಗುಲಾಬಿಯಾಗುತ್ತದೆ. 1913ರ ನಿಯಮ ಇಲ್ಲಿ ಬಣ್ಣವಾಗಿ ಕಣ್ಣಮುಂದೆ ನಿಂತಿತು.

ಅಂಟಿದರೆ ಬಣ್ಣವೇಕೆ ಬದಲಾಗಬೇಕು?

ಇಲ್ಲಿ ಜಾಣ ವಿದ್ಯಾರ್ಥಿ ಒಂದು ಆಕ್ಷೇಪ ಎತ್ತಬಹುದು. ಹಸಿರು ವರ್ಣದ್ರವ್ಯ ಅಂಟಿದರೆ ಪುಡಿಯೂ ಹಸಿರಾಗಬೇಕಲ್ಲ, ಗುಲಾಬಿ ಎಲ್ಲಿಂದ ಬಂತು? ಉತ್ತರ ಫಾಯಾನ್ಸ್ ಅವರ ಮೂರನೆಯ ಕೆಲಸದಲ್ಲಿದೆ. ಅದೇ 1923ರಲ್ಲಿ ಅವರು ಅಯಾನುಗಳ ಇಲೆಕ್ಟ್ರಾನ್ ಕವಚ ನೆರೆಯ ಅಯಾನಿನ ಸೆಳೆತದಿಂದ ವಿರೂಪಗೊಳ್ಳುತ್ತದೆ ಎಂಬ ವಿಚಾರವನ್ನು ಮಂಡಿಸಿದ್ದರು. ನೀವು ಓದುವ 'ಫಜಾನ್ಸ್ ನಿಯಮ'ಗಳ ಮೂಲ ಅದೇ. ಸಿಲ್ವರ್ ಕ್ಲೋರೈಡ್ ಬಿಳಿ, ಸಿಲ್ವರ್ ಅಯೊಡೈಡ್ ಹಳದಿ. ಏಕೆಂದರೆ ದೊಡ್ಡದಾದ ಅಯೊಡೈಡಿನ ಕವಚವನ್ನು ಬೆಳ್ಳಿ ಹೆಚ್ಚು ಎಳೆದಾಡುತ್ತದೆ. ಫ್ಲೂರೆಸೀನ್ ಅಯಾನಿಗೂ ಇದೇ ಆಗುತ್ತದೆ ಎಂದರು ಫಾಯಾನ್ಸ್. ಕಣದ ಮೈಯಲ್ಲಿರುವ ಬೆಳ್ಳಿಯ ಅಯಾನು ಅದರ ಇಲೆಕ್ಟ್ರಾನ್ ಮೋಡವನ್ನು ಸೆಳೆಯುತ್ತದೆ. ಅದು ಹೀರುವ ಬೆಳಕಿನ ತರಂಗಾಂತರ ದೀರ್ಘದ ಕಡೆಗೆ ಸರಿಯುತ್ತದೆ. ಹಳದಿ ಹಸಿರಿನ ಬದಲು ಗುಲಾಬಿ ಕಾಣುತ್ತದೆ, ಪ್ರತಿದೀಪ್ತಿ ನಂದುತ್ತದೆ.

ಇದು ಸಿಲ್ವರ್ ಫ್ಲೂರೆಸಿನೇಟ್ ಎಂಬ ಹೊಸ ಲವಣ ಒತ್ತರಿಸಿದ್ದಲ್ಲವೇ ಎಂದೂ ಕೇಳಬಹುದು. ಅಲ್ಲ. ಅಂಥ ಲವಣ ತಾನಾಗಿ ಒತ್ತರಿಸಲು ಬೇಕಾದಷ್ಟು ಸಾಂದ್ರತೆ ಆ ದ್ರಾವಣದಲ್ಲಿ ಇರುವುದಿಲ್ಲ. ಇದನ್ನು ನೀವೇ ಪರೀಕ್ಷಿಸಬಹುದು. ಒಂದು ಪ್ರನಾಳದಲ್ಲಿ ನೀರು, ಫ್ಲೂರೆಸೀನ್ ಹಾಕಿ ಒಂದು ಹನಿ ದುರ್ಬಲ ಸಿಲ್ವರ್ ನೈಟ್ರೇಟ್ ಸೇರಿಸಿ. ಸಿಲ್ವರ್ ಕ್ಲೋರೈಡ್ ಇಲ್ಲದಿದ್ದರೆ ಗುಲಾಬಿ ಬರುವುದಿಲ್ಲ. ಇನ್ನು ಅಂತ್ಯಬಿಂದು ದಾಟಿದ ಫ್ಲಾಸ್ಕನ್ನು ಸ್ವಲ್ಪ ಹೊತ್ತು ಹಾಗೇ ಇಡಿ. ಬಣ್ಣ ಪುಡಿಯೊಡನೆ ತಳ ಸೇರುತ್ತದೆ, ಮೇಲಿನ ನೀರಿನ ಬಣ್ಣ ಬಹುಮಟ್ಟಿಗೆ ಹೋಗಿರುತ್ತದೆ. ನಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತು: ಬಣ್ಣ ಬದಲಾದದ್ದು ನೀರಿನಲ್ಲಲ್ಲ, ಪುಡಿಯ ಮೈಮೇಲೆ.

ಮೈ ಎಷ್ಟು ಅಗಲ?

ಸೂಚನೆ ಮೈಮೇಲೆ ಕಾಣಬೇಕಾದರೆ ಮೈ ಸಾಕಷ್ಟು ಇರಬೇಕು. ಒಂದು ಅಂದಾಜು ಲೆಕ್ಕ ಮಾಡೋಣ. ನಮ್ಮ ಫ್ಲಾಸ್ಕಿನಲ್ಲಿ ಉಂಟಾದ ಸಿಲ್ವರ್ ಕ್ಲೋರೈಡ್ ಸುಮಾರು 358 ಮಿಲಿಗ್ರಾಂ. ಅದರ ಕಣಗಳು ಮಿಲಿಮೀಟರಿನ ಹತ್ತು ಸಾವಿರದ ಒಂದು ಭಾಗದಷ್ಟು ದಪ್ಪದ ಗುಂಡುಗಳೆಂದು ಭಾವಿಸಿದರೆ, ಅವೆಲ್ಲವುಗಳ ಮೈ ಸೇರಿ ಸುಮಾರು 4 ಚದರ ಮೀಟರ್. ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲದ ಜಮಖಾನೆಯನ್ನು ಫ್ಲಾಸ್ಕಿನೊಳಗೆ ಹಾಸಿದಂತೆ! ಹತ್ತು ಹನಿ ಸೂಚಕದಲ್ಲಿರುವ ವರ್ಣದ್ರವ್ಯ ಅರ್ಧ ಮಿಲಿಗ್ರಾಂ. ಅದರ ಒಂದೊಂದು ಅಣುವಿಗೂ ಒಂದು ಚದರ ನ್ಯಾನೊಮೀಟರ್ ಜಾಗ ಬೇಕೆಂದರೆ ಒಟ್ಟು ಬೇಕಾದದ್ದು 1 ಚದರ ಮೀಟರಿಗಿಂತ ಸ್ವಲ್ಪ ಕಡಿಮೆ. ಧಾರಾಳವಾಗಿ ಹಿಡಿಸುತ್ತದೆ. ಆದರೆ ಅದೇ ಕಣಗಳು ಹತ್ತು ಪಟ್ಟು ದಪ್ಪವಾದರೆ? ತೂಕ ಅಷ್ಟೇ ಇದ್ದರೂ ಮೈ ಹತ್ತನೆಯ ಒಂದಕ್ಕೆ, ಎಂದರೆ 0.4 ಚದರ ಮೀಟರಿಗೆ ಇಳಿಯುತ್ತದೆ. ವರ್ಣದ್ರವ್ಯದ ಅರ್ಧಕ್ಕೂ ಜಾಗ ಸಾಲದು.

ಪ್ರಯೋಗಶಾಲೆಯಲ್ಲಿ ಆಗುವ ಎಡವಟ್ಟಿನ ಮೂಲ ಇಲ್ಲಿದೆ. ಕಣಗಳನ್ನು ಒಂದಕ್ಕೊಂದು ಅಂಟದಂತೆ ದೂರವಿಡುವುದು ಅವುಗಳ ಮೈಮೇಲಿನ ಒಂದೇ ಬಗೆಯ ವಿದ್ಯುದಂಶ. ಸಮಾನತಾ ಬಿಂದುವಿನ ಹತ್ತಿರ ಆ ವಿದ್ಯುದಂಶವೇ ಕಡಿಮೆಯಾಗುತ್ತದೆ. ಸರಿಯಾಗಿ ಬೇಕಾದ ಹೊತ್ತಿನಲ್ಲಿಯೇ ಕಣಗಳು ಒಡೆದ ಹಾಲಿನಂತೆ ಗರಣೆಗಟ್ಟುತ್ತವೆ. ದ್ರಾವಣದಲ್ಲಿ ಬೇರೆ ಲವಣಗಳು ಬಹಳವಿದ್ದರೆ ಇದು ಇನ್ನೂ ಬೇಗ ಆಗುತ್ತದೆ. ಗರಣೆಗಟ್ಟಿದ್ದನ್ನು ಗುರುತಿಸುವುದು ಸುಲಭ. ಹಾಲಿನಂತಿದ್ದ ದ್ರಾವಣ ತಿಳಿಯಾಗಿ ಬಿಳಿಯ ಉಂಡೆಗಳು ತಳಕ್ಕೆ ಇಳಿಯುತ್ತವೆ, ಬಣ್ಣ ಒಮ್ಮೆಗೇ ಬದಲಾಗದೆ ಎಳೆದಾಡುತ್ತದೆ. ಇದಕ್ಕೆ ಪರಿಹಾರ ಡೆಕ್ಸ್‌ಟ್ರಿನ್. ಪಿಷ್ಟದಿಂದ ತಯಾರಿಸುವ ಈ ಅಂಟು ಕಣಗಳ ಸುತ್ತ ಹೊದಿಕೆಯಾಗಿ ನಿಂತು ಅವು ಕೂಡಿಕೊಳ್ಳದಂತೆ ತಡೆಯುತ್ತದೆ. ಅನುಮಾಪನಕ್ಕೆ ಮೊದಲೇ ಅದರ ದ್ರಾವಣವನ್ನು ಕೆಲವು ಮಿಲಿಲೀಟರ್ ಹಾಕಿ, ಫ್ಲಾಸ್ಕನ್ನು ಬಿಡದೆ ತಿರುಗಿಸುತ್ತಿರಬೇಕು. ಸಾಮಾನ್ಯವಾಗಿ ಪ್ರಕ್ಷೇಪ ದಪ್ಪವಾಗಿ ಬೇಗ ತಳ ಸೇರಲಿ ಎಂದು ಬಯಸುವವರು ನಾವು. ಇಲ್ಲಿ ಮಾತ್ರ ಅದು ಹಾಲಾಗಿಯೇ ಉಳಿಯಲಿ ಎಂದು ಬಯಸುತ್ತೇವೆ. ಕ್ಲೋರೈಡ್ ತೀರ ಕಡಿಮೆ ಇರುವ ನೀರಿಗೆ ಫ್ಲೂರೆಸೀನ್ ಒಗ್ಗದಿರುವುದಕ್ಕೂ ಕಾರಣ ಇದೇ. ಪುಡಿಯೇ ಇಲ್ಲದಿದ್ದರೆ ಬಣ್ಣ ಕೂರುವುದೆಲ್ಲಿ?

ಜಾಗಕ್ಕಾಗಿ ಪೈಪೋಟಿ

ಫ್ಲೂರೆಸೀನ್‌ಗೆ ನಾಲ್ಕು ಬ್ರೋಮಿನ್ ಪರಮಾಣು ಸೇರಿಸಿದರೆ ಇಯೊಸಿನ್ ಸಿಗುತ್ತದೆ. ಬ್ರೋಮೈಡ್, ಅಯೊಡೈಡ್, ಥಯೋಸಯನೇಟುಗಳಿಗೆ ಅದು ಬಹಳ ಒಳ್ಳೆಯ ಸೂಚಕ. ಆದರೆ ಕ್ಲೋರೈಡಿಗೆ ಅದನ್ನು ಹಾಕಿ ನೋಡಿ, ಮೊದಲ ಹನಿಗಳಲ್ಲಿಯೇ ಪುಡಿ ಬಣ್ಣ ತಾಳುತ್ತದೆ. ಏಕೆಂದರೆ ಸಿಲ್ವರ್ ಹ್ಯಾಲೈಡಿನ ಮೈಗೆ ಅಂಟುವ ಬಲದಲ್ಲಿ ಒಂದು ಸರದಿಯಿದೆ. ಅಯೊಡೈಡ್ ಎಲ್ಲರಿಗಿಂತ ಮುಂದೆ. ಅನಂತರ ಥಯೋಸಯನೇಟ್, ಬ್ರೋಮೈಡ್, ಇಯೊಸಿನ್, ಕ್ಲೋರೈಡ್, ಫ್ಲೂರೆಸೀನ್, ಕೊನೆಗೆ ನೈಟ್ರೇಟ್. ಇಯೊಸಿನ್ ಕ್ಲೋರೈಡನ್ನು ತಳ್ಳಿ ಅದರ ಜಾಗದಲ್ಲಿ ತಾನು ಕೂರಬಲ್ಲದು, ಬ್ರೋಮೈಡನ್ನು ತಳ್ಳಲಾರದು. ಒಳ್ಳೆಯ ಸೂಚಕವಾಗಬೇಕಾದರೆ ಅಳೆಯುವ ಅಯಾನಿಗಿಂತ ಸ್ವಲ್ಪ ಸೋತು, ನೈಟ್ರೇಟಿಗಿಂತ ಗೆಲ್ಲುವಂತಿರಬೇಕು.

ಆಮ್ಲದ ವಿಷಯವೂ ಇಲ್ಲಿಗೆ ಸೇರುತ್ತದೆ. ಅಂಟುವುದು ವರ್ಣದ್ರವ್ಯದ ಋಣ ಅಯಾನು. ದ್ರಾವಣ ಆಮ್ಲೀಯವಾದರೆ ಫ್ಲೂರೆಸೀನ್ ಹೈಡ್ರೊಜನ್ ಅಯಾನನ್ನು ಹಿಡಿದುಕೊಂಡು ಅಯಾನಾಗದೆ ಉಳಿಯುತ್ತದೆ. ಆದ್ದರಿಂದ ಅದಕ್ಕೆ ಬೇಕಾದ ಪಿಎಚ್ 7ರಿಂದ 10. ಅದಕ್ಕೂ ಮೇಲೆ ಹೋದರೆ ಬೆಳ್ಳಿ ಆಕ್ಸೈಡಾಗಿ ಒತ್ತರಿಸತೊಡಗುತ್ತದೆ. 1929ರಲ್ಲಿ ಕೋಲ್ಟಾಫ್ ಮತ್ತು ಸಂಗಡಿಗರು ಕ್ಲೋರೈಡಿಗಾಗಿ ಡೈಕ್ಲೋರೋಫ್ಲೂರೆಸೀನನ್ನು ಪರಿಚಯಿಸಿದರು. ಇದು ಫ್ಲೂರೆಸೀನಿಗಿಂತ ಬಲವಾದ ಆಮ್ಲವಾದ್ದರಿಂದ ಪಿಎಚ್ 4ರಲ್ಲೂ ಅಯಾನಾಗಿರುತ್ತದೆ. ಇಯೊಸಿನ್ ಇನ್ನೂ ಬಲವಾದದ್ದು, ಪಿಎಚ್ 2ರವರೆಗೂ ನಡೆಯುತ್ತದೆ. ನಿಮ್ಮ ಅನುಮಾಪನದಲ್ಲಿ ಗುಲಾಬಿ ಮಂಕಾಗಿ ಬಂದರೆ ಮೊದಲು ನೋಡಬೇಕಾದದ್ದು ಎರಡು: ಪುಡಿ ಗರಣೆಗಟ್ಟಿದೆಯೇ, ದ್ರಾವಣ ಆಮ್ಲೀಯವಾಗಿದೆಯೇ.

ಬಿಸಿಲಿನ ಕಿಟಕಿಯ ಪಕ್ಕ ಈ ಅನುಮಾಪನ ಮಾಡಬಾರದು ಎನ್ನುವುದಕ್ಕೂ ಕಾರಣ ಪುಡಿಯ ಮೈಯೇ. ಸಿಲ್ವರ್ ಹ್ಯಾಲೈಡುಗಳು ಬೆಳಕಿಗೆ ಒಡೆದು ಬೆಳ್ಳಿಯ ಕಪ್ಪು ಕಣಗಳನ್ನು ಕೊಡುತ್ತವೆ. ಮೈಗೆ ವರ್ಣದ್ರವ್ಯ ಅಂಟಿದಾಗ ಅದು ತಾನು ಹೀರಿದ ಬೆಳಕನ್ನೂ ಹರಳಿಗೆ ದಾಟಿಸಿ ಈ ಒಡೆಯುವಿಕೆಯನ್ನು ಹೆಚ್ಚಿಸುತ್ತದೆ. ಛಾಯಾಚಿತ್ರದ ಫಲಕಗಳಿಗೆ ವರ್ಣದ್ರವ್ಯ ಸೇರಿಸಿ ಹಸಿರು ಬೆಳಕನ್ನೂ ಗ್ರಹಿಸುವಂತೆ ಮಾಡಬಹುದೆಂದು ಜರ್ಮನಿಯ ಎಚ್. ಡಬ್ಲ್ಯು. ಫೋಗೆಲ್ 1873ರಲ್ಲಿಯೇ ಕಂಡಿದ್ದರು. ಛಾಯಾಗ್ರಾಹಕನಿಗೆ ವರವಾದದ್ದು ಅನುಮಾಪನ ಮಾಡುವವನಿಗೆ ತೊಡಕು. ಗುಲಾಬಿ ಕಾಣುವ ಮೊದಲೇ ಪುಡಿ ಬೂದು ಬಣ್ಣಕ್ಕೆ ತಿರುಗಿದರೆ ಬೆಳಕು ಹೆಚ್ಚಾಯಿತೆಂದು ತಿಳಿಯಿರಿ.

1932ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮ್ಯೂನಿಕ್‌ನಲ್ಲಿ ಫಾಯಾನ್ಸ್ ಅವರಿಗಾಗಿ ಹೊಸ ಸಂಸ್ಥೆಯ ಕಟ್ಟಡ ತೆರೆಯಿತು. ಅದರಲ್ಲಿ ಅವರು ಹೆಚ್ಚು ಕಾಲ ಕೆಲಸ ಮಾಡಲಾಗಲಿಲ್ಲ. ಯೆಹೂದಿ ಮೂಲದ ಅವರು ನಾಟ್ಸಿಗಳ ಆಡಳಿತದಲ್ಲಿ 1935ರಲ್ಲಿ ಜರ್ಮನಿಯನ್ನು ಬಿಡಬೇಕಾಯಿತು. ಮರುವರ್ಷ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯ ಸೇರಿ, ಕೊನೆಯವರೆಗೂ ಅದೇ ಊರಿನಲ್ಲಿದ್ದು 1975ರಲ್ಲಿ ತೀರಿಕೊಂಡರು.

ಮುಂದಿನ ಸಲ ನೀವು ಈ ಅನುಮಾಪನ ಮಾಡಿದಾಗ, ಅಂತ್ಯಬಿಂದುವನ್ನು ಬರೆದುಕೊಂಡ ಮೇಲೆ ಫ್ಲಾಸ್ಕನ್ನು ಕೂಡಲೇ ತೊಳೆಯಬೇಡಿ. ಗುಲಾಬಿಯಾದ ದ್ರಾವಣಕ್ಕೆ ಎರಡು ಹನಿ ಉಪ್ಪಿನ ನೀರು ಹಾಕಿ ತಿರುಗಿಸಿ. ಕ್ಲೋರೈಡ್ ಮತ್ತೆ ಮಿಕ್ಕುತ್ತದೆ, ಕಣದ ಮೈ ಮತ್ತೆ ಋಣವಾಗುತ್ತದೆ, ಫ್ಲೂರೆಸೀನ್ ಮೈ ಬಿಟ್ಟು ನೀರಿಗೆ ಹಿಂತಿರುಗುತ್ತದೆ, ಹಸಿರು ಮತ್ತೆ ಹೊಳೆಯುತ್ತದೆ. ಎರಡು ಹನಿ ಬೆಳ್ಳಿ ಹಾಕಿದರೆ ಪುನಃ ಗುಲಾಬಿ. ಫ್ಲಾಸ್ಕಿನ ತಳದಲ್ಲಿರುವ ಸಿಲ್ವರ್ ಕ್ಲೋರೈಡ್ ಈ ಹೊತ್ತಿನಲ್ಲಿ ಹೆಚ್ಚೂಕಡಿಮೆ ಅಷ್ಟೇ ಇರುತ್ತದೆ. ಬದಲಾಗುತ್ತಿರುವುದು ಅದರ ಮೈಮೇಲಿನ ಒಂದು ತೆಳು ಪದರ ಮಾತ್ರ.